ಒಂದು ಕೊಪ್ಪರಿಗೆ, ಮೂರು ಹದ, ಐದು ಕಾರ್ಡು: ಕ್ಯಾರೊಸೆಲ್ ಮತ್ತು ಕಲೆಕ್ಷನ್ ಜಾಹೀರಾತುಗಳಲ್ಲಿ ಸರದಿಯ ವಿಚಾರ

(ಮಂಡ್ಯದಲ್ಲಿ ಬೆಲ್ಲ ಮತ್ತು ಸಿರಿಧಾನ್ಯದ ಸಣ್ಣ ಉತ್ಪಾದಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಹೆಚ್ಚಿನವರು ಆಲೆಮನೆಯ ಹೊಗೆಯಲ್ಲೇ ಬೆಳೆದವರು. ಆದ್ದರಿಂದ ಬೆಲ್ಲದ ವಿಷಯವನ್ನು ನಾನು ನಿಮಗೆ ಹೇಳಿಕೊಡುವ ಪ್ರಶ್ನೆಯೇ ಇಲ್ಲ. ನಾನು ಮಾತನಾಡಬೇಕೆಂದಿರುವುದು ಆ ಬೆಲ್ಲದ ಬಗೆಗಳನ್ನು ಫೋನಿನ ಪರದೆಯ ಮೇಲೆ ಯಾವ ಸರದಿಯಲ್ಲಿ ಇಡಬೇಕು, ಇಟ್ಟ ಸರದಿ ಸರಿಯೋ ತಪ್ಪೋ ಎಂಬುದನ್ನು ಹೇಗೆ ತಿಳಿಯಬೇಕು ಎಂಬ ಒಂದೇ ವಿಷಯದ ಬಗ್ಗೆ. ಪಾಂಡವಪುರದ ಕಡೆಯ ಒಂದು ಆಲೆಮನೆ ಕುಟುಂಬಕ್ಕೆ ಜಾಹೀರಾತು ಮಾಡಿಕೊಡುವಾಗ ಕಲಿತದ್ದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಆ ಮನೆಯವರು ಮಾರುವುದು ಮೂರು ಬಗೆ: ಜೋನಿ ಬೆಲ್ಲ, ಅಚ್ಚು ಬೆಲ್ಲ, ಪುಡಿ ಬೆಲ್ಲ. ಮೂರನ್ನೂ ಸೇರಿಸಿದ ಒಂದು ಪೆಟ್ಟಿಗೆಯೂ ಇದೆ. ಮೊದಲ ಸಲ ಅವರ ಜಾಹೀರಾತನ್ನು ನೋಡಿದಾಗ ಒಂದೇ ಚಿತ್ರದಲ್ಲಿ ನಾಲ್ಕನ್ನೂ ಜೋಡಿಸಿ, ಮೇಲೆ ಬೆಲೆ ಬರೆದು ಹಾಕಿದ್ದರು. ಫೋನಿನ ಅಳತೆಯಲ್ಲಿ ಬೆಲ್ಲದ ಪುಡಿ ಯಾವುದು, ಸಕ್ಕರೆ ಯಾವುದು ಎಂದೇ ಗೊತ್ತಾಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇವು ನಾಲ್ಕೂ ಒಂದೇ ಮನೆಯ ಪದಾರ್ಥಗಳು ಎನ್ನುವುದಕ್ಕಿಂತ ಹೆಚ್ಚಿನ ಸಂಬಂಧವನ್ನು ಆ ಚಿತ್ರ ಹೇಳುತ್ತಿರಲಿಲ್ಲ. ಸಂಬಂಧವಂತೂ ಇತ್ತು. ಅದನ್ನು ಆ ಮನೆಯ ಅಜ್ಜ ನನಗೆ ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ತೋರಿಸಿದರು.

ಕಬ್ಬಿನ ಹಾಲು ಕುದಿಯುತ್ತ ಮಡ್ಡಿ ಮೇಲೆ ಬಂದಾಗ ಅದನ್ನು ತೆಗೆದು ಹಾಕುತ್ತಾರೆ. ಹಾಲು ತಿಳಿಯಾಗಲು ಸುಣ್ಣವನ್ನೂ ಬೆಂಡೆಯ ಲೋಳೆಯನ್ನೂ ಬಳಸುತ್ತಾರೆ. ಆಮೇಲೆ ಪಾಕ ಗಟ್ಟಿಯಾಗುತ್ತ ಹೋಗುತ್ತದೆ. ಸುಮಾರು 105 ಡಿಗ್ರಿಯ ಹೊತ್ತಿಗೆ ಇಳಿಸಿದರೆ ಅದು ಜೋನಿ. ಇನ್ನೂ ಕುದಿಸಿ ಸುಮಾರು 118 ಡಿಗ್ರಿಗೆ ತಂದು ಅಚ್ಚಿಗೆ ಸುರಿದರೆ ಅಚ್ಚು ಬೆಲ್ಲ. ಅದಕ್ಕೂ ಸ್ವಲ್ಪ ಮೇಲೆ, 120 ದಾಟಿಸಿ ಇಳಿಸಿ, ತಣಿಯುವಾಗ ಉಜ್ಜಿ ಜರಡಿ ಹಿಡಿದರೆ ಪುಡಿ. ಅಜ್ಜ ಉಷ್ಣಮಾಪಕವನ್ನು ನೋಡುವುದಿಲ್ಲ. ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕವನ್ನು ಬಿಟ್ಟು, ಬೆರಳಲ್ಲಿ ಉರುಳಿಸಿ, ಅದು ಉಂಡೆಯಾಯಿತೋ ಇಲ್ಲವೋ ನೋಡುತ್ತಾರೆ. "ಕೊಪ್ಪರಿಗೆ ಒಂದೇ ಕಣಪ್ಪ, ಹದ ಬೇರೆ" ಎಂದರು. ನಮಗೆ ಬೇಕಾಗಿದ್ದ ಕಥೆ ಆ ಮಾತಿನಲ್ಲೇ ಇತ್ತು. ಮೂರು ಸರಕುಗಳು ಒಂದೇ ಕುದಿಯ ಮೂರು ಗಳಿಗೆಗಳು. ಅವಕ್ಕೆ ಸಹಜವಾದ ಒಂದು ಹಿಂದು ಮುಂದು ಇದೆ.

ಹೀಗೆ ಹಿಂದು ಮುಂದು ಇರುವ ಕಥೆಗೆ ಹೊಂದುವ ರೂಪ ಕ್ಯಾರೊಸೆಲ್. ಫೇಸ್‌ಬುಕ್ 2014ರಲ್ಲಿ ಇದನ್ನು ಆರಂಭಿಸಿದಾಗ ಒಂದೇ ಜಾಹೀರಾತಿನಲ್ಲಿ ಹಲವು ಸರಕುಗಳನ್ನು ತೋರಿಸುವ ಸೌಲಭ್ಯವೆಂದಷ್ಟೇ ಅದರ ಪರಿಚಯವಾಗಿತ್ತು. ಈಗ ಫೇಸ್‌ಬುಕ್ಕಿನಲ್ಲೂ ಇನ್‌ಸ್ಟಾಗ್ರಾಮಿನಲ್ಲೂ 2ರಿಂದ 10 ಕಾರ್ಡುಗಳ ತನಕ ಪಕ್ಕಪಕ್ಕದಲ್ಲಿ ಜೋಡಿಸಬಹುದು. ನೋಡುವವರು ಬೆರಳಿನಿಂದ ಸರಿಸುತ್ತ ಹೋಗುತ್ತಾರೆ. ಪ್ರತಿ ಕಾರ್ಡಿಗೂ ತನ್ನದೇ ಚಿತ್ರ ಅಥವಾ ವಿಡಿಯೊ, ತನ್ನದೇ ತಲೆಬರಹ, ತನ್ನದೇ ಲಿಂಕ್ ಇರುತ್ತದೆ. ಈ ಕೊನೆಯ ಅಂಶವನ್ನು ಬಹಳ ಮಂದಿ ಕೈಬಿಡುತ್ತಾರೆ. ಐದು ಕಾರ್ಡಿಗೂ ಅಂಗಡಿಯ ಮುಖಪುಟದ ಒಂದೇ ಲಿಂಕನ್ನು ಹಾಕಿದರೆ, ಜೋನಿಯ ಚಿತ್ರವನ್ನು ಒತ್ತಿದವರು ಮುಖಪುಟಕ್ಕೆ ಬಂದು ಮತ್ತೆ ಜೋನಿಯನ್ನು ಹುಡುಕಬೇಕಾಗುತ್ತದೆ. ಹುಡುಕುವ ತಾಳ್ಮೆ ಫೋನಿನಲ್ಲಿ ಯಾರಿಗೂ ಇರುವುದಿಲ್ಲ.

ಸರದಿಯ ಬಗ್ಗೆ ಯೋಚಿಸುವ ಮೊದಲು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಜಾಹೀರಾತು ಕಣ್ಣಿಗೆ ಬಿದ್ದ ಪ್ರತಿಯೊಬ್ಬರೂ ಮೊದಲ ಕಾರ್ಡನ್ನು ನೋಡುತ್ತಾರೆ; ಎರಡನೆಯದರ ಅಂಚನ್ನಷ್ಟೇ ನೋಡುತ್ತಾರೆ; ಉಳಿದದ್ದನ್ನು ಸರಿಸಿದವರು ಮಾತ್ರ ನೋಡುತ್ತಾರೆ. ಆದ್ದರಿಂದ ಮೊದಲ ಕಾರ್ಡಿಗೆ ಎರಡು ಕೆಲಸ. ಒಂದು, ಇಡೀ ಕಥೆ ಯಾವುದರದ್ದು ಎಂದು ತಿಳಿಸುವುದು. ಇನ್ನೊಂದು, ಸರಿಸುವುದಕ್ಕೆ ಕಾರಣ ಕೊಡುವುದು. ನಾವು ಮೊದಲು ಜೋಡಿಸಿದ ಸರದಿ ಹೀಗಿತ್ತು: ಮೊದಲನೆಯದು ಹೊಗೆಯಾಡುವ ಕೊಪ್ಪರಿಗೆ, ಎರಡನೆಯದು ಜೋನಿ, ಮೂರನೆಯದು ಅಚ್ಚು, ನಾಲ್ಕನೆಯದು ಪುಡಿ, ಐದನೆಯದು ಮೂರೂ ಸೇರಿದ ಪೆಟ್ಟಿಗೆ. ತಲೆಬರಹಗಳನ್ನು ಮೂರು ನಾಲ್ಕು ಪದಗಳಿಗೆ ಮೀರದಂತೆ ಬರೆದೆವು: "ಒಂದೇ ಕೊಪ್ಪರಿಗೆ, ಮೂರು ಹದ", "ಮೊದಲ ಹದ: ಜೋನಿ", "ಎರಡನೇ ಹದ: ಅಚ್ಚು", "ಮೂರನೇ ಹದ: ಪುಡಿ", "ಮೂರೂ ಒಂದೇ ಪೆಟ್ಟಿಗೆಯಲ್ಲಿ". ಕಾರ್ಡಿನ ಕೆಳಗೆ ಇರುವ ಜಾಗ ಚಿಕ್ಕದು. ಒತ್ತಕ್ಷರಗಳು ಹೆಚ್ಚಿದ ಉದ್ದ ವಾಕ್ಯವನ್ನು ಬರೆದರೆ ಅದು ನಡುವೆಯೇ ತುಂಡಾಗಿ ಮೂರು ಚುಕ್ಕಿಗಳಾಗುತ್ತದೆ. ಕಂಪ್ಯೂಟರಿನಲ್ಲಿ ಅದು ಪೂರ್ತಿಯಾಗಿ ಕಂಡರೂ ನಂಬಬೇಡಿ, ಒಂದು ಹಳೆಯ ಚಿಕ್ಕ ಪರದೆಯ ಫೋನಿನಲ್ಲಿ ನೋಡಿಯೇ ತೀರ್ಮಾನಿಸಿ.

ಚಿತ್ರಗಳೆಲ್ಲ ಚೌಕವಾಗಿದ್ದವು, 1080ಕ್ಕೆ 1080. ಕೊಪ್ಪರಿಗೆಯ ಅಂಚು ಮೊದಲ ಕಾರ್ಡಿನ ಬಲಗಡೆಯಲ್ಲಿ ಅರ್ಧಕ್ಕೆ ನಿಂತು, ಎರಡನೆಯ ಕಾರ್ಡಿನ ಎಡಗಡೆಯಲ್ಲಿ ಮುಂದುವರಿಯುವಂತೆ ಛಾಯಾಚಿತ್ರವನ್ನು ಕತ್ತರಿಸಿದ್ದೆವು. ಅರ್ಧ ಕಂಡದ್ದನ್ನು ಪೂರ್ತಿ ನೋಡಬೇಕೆಂದು ಬೆರಳು ತಾನಾಗಿ ಸರಿಸುತ್ತದೆ. ಬಣ್ಣದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ರಾಸಾಯನಿಕ ಹಾಕದ ಬೆಲ್ಲ ಗಾಢ ಕಂದು ಬಣ್ಣದ್ದು. ಚಿತ್ರವನ್ನು ತಿದ್ದುವವರು ಅದನ್ನು ಚಿನ್ನದ ಬಣ್ಣಕ್ಕೆ ತಂದುಬಿಟ್ಟರೆ, ಡಬ್ಬ ಬಿಚ್ಚಿದ ಗ್ರಾಹಕರು ಬೇರೆ ಸರಕು ಬಂದಿದೆ ಎಂದುಕೊಳ್ಳುತ್ತಾರೆ. ಚಿತ್ರದಲ್ಲಿ ಕಂಡ ಬಣ್ಣವೇ ಕೈಗೆ ಬರಬೇಕು.

ಈ ಜಾಹೀರಾತಿನಲ್ಲಿ ನನ್ನಿಂದ ಒಂದು ತಪ್ಪಾಯಿತು. ಕ್ಯಾರೊಸೆಲ್ ಮಾಡುವಾಗ, ಚೆನ್ನಾಗಿ ನಡೆಯುವ ಕಾರ್ಡನ್ನು ಮುಂದಕ್ಕೆ ತರುವ ಒಂದು ಆಯ್ಕೆ ಇರುತ್ತದೆ. ಅದನ್ನು ಆರಿಸಿದ್ದರೆ ವ್ಯವಸ್ಥೆಯು ಒಬ್ಬೊಬ್ಬರಿಗೆ ಒಂದೊಂದು ಸರದಿಯಲ್ಲಿ ಕಾರ್ಡುಗಳನ್ನು ತೋರಿಸಬಹುದು. ಬಿಡಿ ಸರಕುಗಳ ಅಂಗಡಿಗೆ ಇದು ಒಳ್ಳೆಯದೇ. ನಮ್ಮಂತೆ ಮೊದಲ ಹದ, ಎರಡನೇ ಹದ ಎಂದು ಬರೆದವರಿಗೆ ಅದು ಕಥೆಯನ್ನೇ ಒಡೆದುಬಿಡುತ್ತದೆ. ಆ ಗುರುತನ್ನು ತೆಗೆಯುವುದನ್ನು ನಾನು ಮರೆತಿದ್ದೆ. ನನ್ನ ಕಂಪ್ಯೂಟರಿನ ಮುನ್ನೋಟದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ನಾಲ್ಕನೆಯ ದಿನ ಆ ಮನೆಯ ಸೊಸೆ ಕರೆ ಮಾಡಿ, "ಸರ್, ನಮ್ಮ ಅಕ್ಕನ ಫೋನಿನಲ್ಲಿ ಮೂರನೇ ಹದ ಮೊದಲು ಬಂದಿದೆ, ಕೊಪ್ಪರಿಗೆ ಅರ್ಧ ಒಡೆದ ಹಾಗೆ ಕಾಣುತ್ತಿದೆ" ಎಂದರು. ನಾಲ್ಕು ದಿನಗಳ ಹಣ ಆ ಅರ್ಧ ಕೊಪ್ಪರಿಗೆಗೆ ಹೋಯಿತು. ಈ ತಪ್ಪು ಮುನ್ನೋಟದಲ್ಲಿ ಸಿಕ್ಕುವುದಿಲ್ಲ. ಸೆಟ್ಟಿಂಗಿನಲ್ಲಿ ಆ ಗುರುತು ಇದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಬೇಕು, ಜಾಹೀರಾತನ್ನು ನಕಲು ಮಾಡಿದಾಗಲೂ ಮತ್ತೆ ನೋಡಬೇಕು. ಅದರ ಜೊತೆಯಲ್ಲೇ ಕೊನೆಯಲ್ಲಿ ಪುಟದ ಭಾವಚಿತ್ರವಿರುವ ಇನ್ನೊಂದು ಕಾರ್ಡನ್ನು ತಾನೇ ಸೇರಿಸುವ ಆಯ್ಕೆಯೂ ಇರುತ್ತದೆ. ನಮ್ಮ ಕಥೆ ಮುಗಿಯಬೇಕಾದದ್ದು ಪೆಟ್ಟಿಗೆಯಲ್ಲಿ. ಅದರ ಆಚೆ ಇನ್ನೊಂದು ಕಾರ್ಡು ನಮಗೆ ಬೇಕಿರಲಿಲ್ಲ. ಈ ಆಯ್ಕೆಗಳ ಹೆಸರೂ ಜಾಗವೂ ಆಗಾಗ ಬದಲಾಗುವುದರಿಂದ ಹಳೆಯ ನೆನಪಿನ ಮೇಲೆ ಕೆಲಸ ಮಾಡಬಾರದು.

ಸರದಿ ಕೂಡಿಬಂದ ಮೇಲೆ ಮನೆಯಲ್ಲೇ ಒಂದು ಭಿನ್ನಾಭಿಪ್ರಾಯ ಬಂತು. ಸೊಸೆಯ ವಾದ ಇದು: ಕೊಪ್ಪರಿಗೆ ನಮಗೆ ಚೆಂದ, ಬೆಂಗಳೂರಿನಲ್ಲಿ ಕುಳಿತವರಿಗೆ ಅದು ಯಾವುದೋ ಹೊಗೆಯ ಚಿತ್ರ, ಎಲ್ಲರಿಗೂ ಗೊತ್ತಿರುವುದು ಅಚ್ಚು ಬೆಲ್ಲ, ಅದನ್ನೇ ಮೊದಲಿಡಿ, ಗೊತ್ತಿರುವುದರಿಂದ ಗೊತ್ತಿಲ್ಲದ ಜೋನಿಗೆ ಕರೆದುಕೊಂಡು ಹೋಗಿ. ಅಜ್ಜನ ವಾದ, ಕುದಿಯನ್ನು ತೋರಿಸದೆ ಹದವನ್ನು ಹೇಳುವುದು ಹೇಗೆ ಎಂಬುದು. ಎರಡಕ್ಕೂ ತೂಕವಿತ್ತು. ಇಂಥಲ್ಲಿ ಮನೆಯ ಹಿರಿಯರ ಮಾತನ್ನೋ ಜಾಹೀರಾತಿನವನ ಮಾತನ್ನೋ ಕೇಳುವುದಕ್ಕಿಂತ ನೋಡುವವರನ್ನೇ ಕೇಳುವುದು ಒಳ್ಳೆಯದು. ಕೇಳುವ ರೀತಿಯೇ ಪರೀಕ್ಷೆ.

ಎರಡು ಸರದಿಗಳನ್ನು ಮಾಡಿದೆವು. ಮೊದಲನೆಯದನ್ನು ಕುದಿಯ ಸರದಿ ಎನ್ನೋಣ: ಕೊಪ್ಪರಿಗೆ, ಜೋನಿ, ಅಚ್ಚು, ಪುಡಿ, ಪೆಟ್ಟಿಗೆ. ಎರಡನೆಯದು ಪರಿಚಯದ ಸರದಿ: ಅಚ್ಚು, ಕೊಪ್ಪರಿಗೆ, ಜೋನಿ, ಪುಡಿ, ಪೆಟ್ಟಿಗೆ. ಗಮನಿಸಿ, ಎರಡನೆಯದರಲ್ಲಿ ನಾವು ಮಾಡಿದ ಬದಲಾವಣೆ ಒಂದೇ, ಅಚ್ಚನ್ನು ಎತ್ತಿ ಮುಂದಕ್ಕೆ ಇಟ್ಟದ್ದು. ಉಳಿದವುಗಳ ಹಿಂದು ಮುಂದು ಹಾಗೇ ಇದೆ. ಐದನ್ನೂ ಕಲಸಿ ಹೊಸ ಸರದಿ ಮಾಡಿದ್ದರೆ, ಗೆದ್ದದ್ದು ಯಾವುದರಿಂದ ಎಂದು ಹೇಳಲಾಗುತ್ತಿರಲಿಲ್ಲ. ತಲೆಬರಹದಲ್ಲಿ "ಮೊದಲ ಹದ", "ಎರಡನೇ ಹದ" ಎಂಬ ಪದಗಳನ್ನು ಎರಡರಲ್ಲೂ ತೆಗೆದು, "ಎಳೆ ಹದ: ಜೋನಿ", "ಅಚ್ಚಿನ ಹದ", "ಒಣ ಹದ: ಪುಡಿ" ಎಂದು ಒಂದೇ ರೀತಿ ಮಾಡಿದೆವು. ಕಾರ್ಡಿನಿಂದ ಕಾರ್ಡಿಗೆ ಮುಂದುವರಿಯುತ್ತಿದ್ದ ಅಂಚನ್ನೂ ಬಿಟ್ಟುಕೊಟ್ಟೆವು, ಏಕೆಂದರೆ ಸರದಿ ಬದಲಾದರೆ ಅದು ಹೊಂದುವುದಿಲ್ಲ. ಅದು ನನಗೆ ಬೇಸರದ ವಿಷಯವೇ ಆಗಿತ್ತು, ಆದರೂ ಒಂದರಲ್ಲಿ ಚಿತ್ರ ಸೊಗಸಾಗಿ ಇನ್ನೊಂದರಲ್ಲಿ ಸಪ್ಪೆಯಾಗಿದ್ದರೆ ನಾವು ಅಳೆಯುವುದು ಸರದಿಯನ್ನಲ್ಲ.

ಇಲ್ಲಿ ಎರಡು ತಪ್ಪುದಾರಿಗಳಿವೆ. ಈ ತಿಂಗಳು ಒಂದು, ಬರುವ ತಿಂಗಳು ಇನ್ನೊಂದು ಎಂದು ಓಡಿಸುವುದು ಮೊದಲನೆಯದು. ಸಂಕ್ರಾಂತಿಗೆ ಮುಂಚೆ ಬೆಲ್ಲ ಕೊಳ್ಳುವ ಮನಸ್ಸು ಬೇರೆ, ಎಳ್ಳು ಬೆಲ್ಲ ಬೀರಿ ಮುಗಿಸಿದ ಮೇಲಿನ ಮನಸ್ಸು ಬೇರೆ. ನೀವು ಅಳೆಯುವುದು ಹಬ್ಬವನ್ನೇ ಆಗುತ್ತದೆ. ಎರಡನೆಯದು, ಎರಡೂ ಜಾಹೀರಾತುಗಳನ್ನು ಒಂದೇ ಆ್ಯಡ್ ಸೆಟ್ಟಿನೊಳಗೆ, ಅಂದರೆ ಒಂದೇ ಹಣವನ್ನೂ ಒಂದೇ ಜನರ ಗುಂಪನ್ನೂ ಹಂಚಿಕೊಳ್ಳುವ ಜಾಹೀರಾತುಗಳ ಕಟ್ಟಿನೊಳಗೆ ಹಾಕಿ ಯಾವುದು ಹೆಚ್ಚು ಓಡುತ್ತದೆ ಎಂದು ಕಾಯುವುದು. ಆಗ ವ್ಯವಸ್ಥೆಯು ಆರಂಭದ ಕೆಲವೇ ಕ್ಲಿಕ್ಕುಗಳನ್ನು ನೋಡಿ ಒಂದರ ಕಡೆ ವಾಲಿ, ಇನ್ನೊಂದಕ್ಕೆ ಹಣವನ್ನೇ ಕೊಡದೆ ಹೋಗಬಹುದು. ಒಬ್ಬರೇ ಎರಡನ್ನೂ ನೋಡಲೂಬಹುದು. ಫೇಸ್‌ಬುಕ್ ಜಾಹೀರಾತುಗಳನ್ನು ನಡೆಸುವ ಆ್ಯಡ್ಸ್ ಮ್ಯಾನೇಜರಿನಲ್ಲಿ `A/B test` ಎಂಬ ಸೌಲಭ್ಯವಿರುವುದೇ ಇದಕ್ಕಾಗಿ. ಅದು ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಒಂದನ್ನು ಮಾತ್ರ ತೋರಿಸುತ್ತದೆ. ಎರಡಕ್ಕೂ ಒಂದೇ ಮೊತ್ತ, ಒಂದೇ ಊರುಗಳು, ಒಂದೇ ವಯಸ್ಸು, ಒಂದೇ ಮೇಲ್ಬರಹ ಇಟ್ಟು, ಫೀಡಿನಲ್ಲಿ ಮಾತ್ರ ಕಾಣುವಂತೆ ಮಾಡಿದೆವು. ವಾರದ ಎಲ್ಲ ದಿನಗಳೂ ಎರಡೆರಡು ಸಲ ಬರಲಿ ಎಂದು 14 ದಿನ ಓಡಿಸಿ, ನಡುವೆ ಯಾವುದನ್ನೂ ಮುಟ್ಟಲಿಲ್ಲ.

ಯಾವ ಕಾರ್ಡಿನಿಂದ ಯಾರು ಬಂದರೆಂದು ಅಂಗಡಿಯ ಕಡೆಯಿಂದಲೂ ತಿಳಿಯಲು ಪ್ರತಿ ಕಾರ್ಡಿನ ಲಿಂಕಿನ ತುದಿಗೆ ಒಂದು ಗುರುತು ಹಾಕಿದೆವು. ಕುದಿಯ ಸರದಿಯ ಎರಡನೆಯ ಕಾರ್ಡಿನ ಗುರುತು ಇದು:

```
?utm_source=facebook&utm_medium=paid&utm_campaign=bella_saradi&utm_content=kudi_2_joni
```

ಕೊನೆಯ ತುಂಡಿನಲ್ಲಿ ಸರದಿಯ ಹೆಸರು, ಕಾರ್ಡಿನ ಸ್ಥಾನ, ಸರಕು ಮೂರೂ ಇವೆ. ಸರಕಿನ ಹೆಸರನ್ನು ಮಾತ್ರ ಬರೆದು ಸ್ಥಾನವನ್ನು ಬಿಟ್ಟರೆ ಮುಂದೆ ಹೇಳುವ ಲೆಕ್ಕ ಮಾಡಲಾಗದು.

ಎಷ್ಟು ಜನರಿಗೆ ತೋರಿಸಬೇಕು ಎಂಬ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ. ನೂರಕ್ಕೆ ಒಬ್ಬರು ಒತ್ತುವ ಜಾಹೀರಾತಿನಲ್ಲಿ, ಅದು ನೂರಕ್ಕೆ 1.3 ಆಯಿತೆಂಬ ವ್ಯತ್ಯಾಸವನ್ನು ನಂಬಿಕೆಯಿಂದ ಗುರುತಿಸಲು ಒಂದೊಂದು ಪಾಲಿಗೆ ಸುಮಾರು 20,000 ಜನ ಬೇಕು. ನಿಮ್ಮ ಹಳೆಯ ವರದಿಯಲ್ಲಿ ಸಾವಿರ ಜನರನ್ನು ತಲುಪಲು ಎಷ್ಟು ಖರ್ಚಾಗಿದೆ ಎಂದು ನೋಡಿ, ಅದನ್ನು 40ರಿಂದ ಗುಣಿಸಿದರೆ ಪರೀಕ್ಷೆಯ ಒಟ್ಟು ಖರ್ಚು ಸಿಗುತ್ತದೆ. ಅಷ್ಟು ಹಣವಿಲ್ಲದಿದ್ದರೆ ಚಿಕ್ಕ ವ್ಯತ್ಯಾಸಗಳನ್ನು ಪರೀಕ್ಷಿಸಲು ಹೋಗಬೇಡಿ. ಮೊದಲ ಕಾರ್ಡಿನಂಥ ದೊಡ್ಡದನ್ನು ಮಾತ್ರ ಪರೀಕ್ಷಿಸಿ.

ಈಗ ಫಲಿತಾಂಶವನ್ನು ಓದುವ ಬಗೆ. ಮುಂದೆ ಹೇಳುವ ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡಿದ್ದೇನೆ. ಅವುಗಳನ್ನು ನಿಮ್ಮ ಊರಿನ ಸರಾಸರಿ ಎಂದು ಬಳಸಬೇಡಿ. ಒಂದೊಂದು ಪಾಲಿಗೆ 20,000 ಜನ. ಕುದಿಯ ಸರದಿಯಲ್ಲಿ ಕೊಪ್ಪರಿಗೆಗೆ 90, ಜೋನಿಗೆ 34, ಅಚ್ಚಿಗೆ 46, ಪುಡಿಗೆ 18, ಪೆಟ್ಟಿಗೆಗೆ 22, ಒಟ್ಟು 210 ಕ್ಲಿಕ್. ಪರಿಚಯದ ಸರದಿಯಲ್ಲಿ ಅಚ್ಚಿಗೆ 150, ಕೊಪ್ಪರಿಗೆಗೆ 28, ಜೋನಿಗೆ 40, ಪುಡಿಗೆ 24, ಪೆಟ್ಟಿಗೆಗೆ 28, ಒಟ್ಟು 270. ಕಾರ್ಡುವಾರು ಕ್ಲಿಕ್ಕುಗಳು ವರದಿಯ `Breakdown` ಪಟ್ಟಿಯಲ್ಲಿ `Carousel card` ಎಂಬಲ್ಲಿ ಸಿಗುತ್ತವೆ.

270 ಎಂಬುದು 210ಕ್ಕಿಂತ ನಿಜವಾಗಿಯೂ ಹೆಚ್ಚೋ, ಅಥವಾ ನಾಣ್ಯ ಚಿಮ್ಮಿದಾಗ ಬರುವಂಥ ಏರಿಳಿತವೋ? ಇದಕ್ಕೆ ಕೈಲೆಕ್ಕವೊಂದಿದೆ. ಎರಡೂ ಪಾಲುಗಳ ಜನಸಂಖ್ಯೆ ಸಮವಾಗಿದ್ದು, ಒತ್ತುವವರು ಕೆಲವೇ ಜನರಾಗಿದ್ದಾಗ, ಎರಡೂ ಸಂಖ್ಯೆಗಳನ್ನು ಕೂಡಿಸಿ, ಮೊತ್ತದ ವರ್ಗಮೂಲವನ್ನು ತೆಗೆದು, ಅದನ್ನು ಎರಡರಿಂದ ಗುಣಿಸಿ. ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಗಮನಕ್ಕೆ ತನ್ನಿ. ಇಲ್ಲಿ ಮೊತ್ತ 480, ವರ್ಗಮೂಲ ಸುಮಾರು 22, ಎರಡರಷ್ಟು 44. ವ್ಯತ್ಯಾಸ 60. ಆದ್ದರಿಂದ ಪರಿಚಯದ ಸರದಿ ಹೆಚ್ಚು ಜನರನ್ನು ಒತ್ತಿಸುತ್ತದೆ ಎಂದು ಹೇಳಬಹುದು.

ಕಾರ್ಡುಗಳ ವಿಷಯಕ್ಕೆ ಬಂದಾಗ ಹೆಚ್ಚಿನವರು ಎಡವುತ್ತಾರೆ. ಪರಿಚಯದ ಸರದಿಯ ವರದಿಯನ್ನಷ್ಟೇ ನೋಡಿದವರು ಅಚ್ಚಿಗೆ 150, ಪುಡಿಗೆ 24 ಎಂದು ಓದಿ, ಪುಡಿ ಯಾರಿಗೂ ಬೇಡ, ತೆಗೆದುಹಾಕಿ ಎನ್ನುತ್ತಾರೆ. ಅದು ಪುಡಿಯ ಮೇಲಿನ ತೀರ್ಪಲ್ಲ. ಪುಡಿ ನಾಲ್ಕನೆಯ ಜಾಗದಲ್ಲಿತ್ತು. ಅಲ್ಲಿಯವರೆಗೆ ಸರಿಸಿಕೊಂಡು ಬಂದವರೇ ಕಡಿಮೆ. ಒಂದು ಕಾರ್ಡಿನ ಮುಂದೆ ಎಷ್ಟು ಜನ ಬಂದು ನಿಂತರು ಎಂಬ ಸಂಖ್ಯೆ ಈ ವಿಂಗಡಣೆಯಲ್ಲಿ ಸಿಗುವುದಿಲ್ಲ, ಒತ್ತಿದವರ ಸಂಖ್ಯೆ ಮಾತ್ರ ಸಿಗುತ್ತದೆ. ಹಾಗಾಗಿ ಬೇರೆ ಬೇರೆ ಜಾಗದ ಕಾರ್ಡುಗಳನ್ನು ಒಂದಕ್ಕೊಂದು ಹೋಲಿಸುವುದು ಸಂತೆಯ ಬಾಗಿಲಲ್ಲಿ ಕುಳಿತವರ ವ್ಯಾಪಾರವನ್ನೂ ಹಿಂದಿನ ಮೂಲೆಯಲ್ಲಿ ಕುಳಿತವರ ವ್ಯಾಪಾರವನ್ನೂ ಹೋಲಿಸಿದಂತೆ. ಅಚ್ಚು ಮೂರನೆಯ ಜಾಗದಲ್ಲಿದ್ದಾಗ 46, ಮೊದಲ ಜಾಗಕ್ಕೆ ಬಂದಾಗ 150 ಆಯಿತಲ್ಲ, ಬೆಲ್ಲ ಅದೇ ಬೆಲ್ಲ.

ನ್ಯಾಯವಾದ ಹೋಲಿಕೆ ಒಂದೇ ಜಾಗದಲ್ಲಿ ನಿಂತವುಗಳ ನಡುವೆ. ಮೊದಲ ಜಾಗದಲ್ಲಿ ಕೊಪ್ಪರಿಗೆಗೆ 90, ಅಚ್ಚಿಗೆ 150. ಮೊತ್ತ 240, ವರ್ಗಮೂಲದ ಎರಡರಷ್ಟು ಸುಮಾರು 31, ವ್ಯತ್ಯಾಸ 60; ಇಲ್ಲಿ ಅಚ್ಚು ಗೆದ್ದಿದೆ. ಎರಡನೆಯ ಜಾಗದಲ್ಲಿ ಜೋನಿಗೆ 34, ಕೊಪ್ಪರಿಗೆಗೆ 28; ಆರರ ವ್ಯತ್ಯಾಸಕ್ಕೆ ಅರ್ಥ ಹಚ್ಚಬಾರದು. ಜೋನಿ ಒಂದು ಜಾಗ ಹಿಂದಕ್ಕೆ ಸರಿದೂ 34ರಿಂದ 40ಕ್ಕೆ ಏರಿತು ಎಂದು ಸಂತೋಷಪಡುವ ಮನಸ್ಸಾಗುತ್ತದೆ, ನನಗೂ ಆಗುತ್ತದೆ. ಆದರೆ ಕೈಲೆಕ್ಕ ಅದನ್ನು ಒಪ್ಪುವುದಿಲ್ಲ. ಹಿಂದಕ್ಕೆ ಸರಿಸಿದ್ದರಿಂದ ದೊಡ್ಡ ನಷ್ಟ ಕಾಣಲಿಲ್ಲ ಎಂಬಷ್ಟನ್ನು ಮಾತ್ರ ಹೇಳಬಹುದು.

ಸೊಸೆ ಗೆದ್ದರು ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ನಾವು ಹೊರಟದ್ದು ಕ್ಲಿಕ್ಕಿಗಾಗಿ ಅಲ್ಲ, ಮೂರು ಬಗೆಯನ್ನೂ ಪರಿಚಯಿಸುವುದಕ್ಕೆ. ಆದ್ದರಿಂದ ಅಂಗಡಿಯ ಆರ್ಡರು ಪುಸ್ತಕವನ್ನು ತೆಗೆಯಬೇಕು. ಅದೇ ಉದಾಹರಣೆಯಲ್ಲಿ, ಕುದಿಯ ಸರದಿಯಿಂದ 14 ಆರ್ಡರು, ಪರಿಚಯದ ಸರದಿಯಿಂದ 15 ಎಂದಿಟ್ಟುಕೊಳ್ಳಿ. 60 ಕ್ಲಿಕ್ ಹೆಚ್ಚು ಬಂದರೂ ಆರ್ಡರಿನಲ್ಲಿ ವ್ಯತ್ಯಾಸವಿಲ್ಲ. ಇನ್ನೂ ಒಳಗೆ ನೋಡಿದರೆ, ಕುದಿಯ ಸರದಿಯ 14ರಲ್ಲಿ 9 ಆರ್ಡರುಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಇದೆ ಅಥವಾ ಪೆಟ್ಟಿಗೆಯೇ ಇದೆ. ಪರಿಚಯದ ಸರದಿಯ 15ರಲ್ಲಿ ಹಾಗಿರುವುದು 4 ಮಾತ್ರ. ಅಚ್ಚು ಬೆಲ್ಲವನ್ನು ಮೊದಲು ಕಂಡವರು ಅಚ್ಚು ಬೆಲ್ಲವನ್ನೇ ಕೊಂಡು ಹೋದರು, ಕುದಿಯನ್ನು ಕಂಡು ಒಳಗೆ ಬಂದವರು ಹದಗಳನ್ನು ಹುಡುಕಿದರು ಎಂಬ ಅರ್ಥ ಅದರಿಂದ ಹೊರಡುತ್ತದೆ. ಅದು ನಿಜವಿರಬಹುದು. ಆದರೆ 9 ಮತ್ತು 4ರ ಮೊತ್ತ 13, ವರ್ಗಮೂಲದ ಎರಡರಷ್ಟು 7ಕ್ಕಿಂತ ಹೆಚ್ಚು, ವ್ಯತ್ಯಾಸ 5. ಸಾಕ್ಷಿ ಸಾಲದು. ಸಣ್ಣ ವ್ಯಾಪಾರಿಗಳಿಗೆ ಹೆಚ್ಚಾಗಿ ಸಿಗುವ ಫಲಿತಾಂಶ ಇಂಥದೇ: ಕ್ಲಿಕ್ಕಿನಲ್ಲಿ ಖಚಿತ ಉತ್ತರ, ಆರ್ಡರಿನಲ್ಲಿ ಅನುಮಾನ.

ಅನುಮಾನ ಬಂದಾಗ ಅದನ್ನೇ ಮುಂದಿನ ಪರೀಕ್ಷೆಯ ಪ್ರಶ್ನೆಯಾಗಿ ಮಾಡಿಕೊಳ್ಳಬೇಕು. ಪಾಂಡವಪುರದ ಮನೆಯವರು ಮಾಡಿದ್ದು ಅದನ್ನೇ. ಕೊಪ್ಪರಿಗೆಯಿಂದ ಪಾಕವನ್ನು ಅಚ್ಚುಗಳಿಗೆ ಸುರಿಯುವ ಗಳಿಗೆಯ ಹೊಸ ಚಿತ್ರವೊಂದನ್ನು ತೆಗೆಸಿದರು. ಮುಂದೆ ಆಗಲೇ ಗಟ್ಟಿಯಾದ ನಾಲ್ಕು ಅಚ್ಚುಗಳು, ಹಿಂದೆ ಹೊಗೆ, ನಡುವೆ ಸುರಿಯುವ ಕೈ. ಗೊತ್ತಿರುವ ಬೆಲ್ಲವೂ ಕುದಿಯೂ ಒಂದೇ ಚೌಕದಲ್ಲಿ ಬಂದವು. ಅದನ್ನು ಮೊದಲಿಟ್ಟು, ಹಿಂದೆ ಜೋನಿ, ಅಚ್ಚು, ಪುಡಿ, ಪೆಟ್ಟಿಗೆ ಎಂಬ ಕುದಿಯ ಸರದಿಯನ್ನೇ ಇಟ್ಟು, ಪರಿಚಯದ ಸರದಿಯ ಎದುರು ಓಡಿಸಿದರು. ಈ ಸಲ ಆರಂಭಿಸುವ ಮೊದಲೇ ಪುಸ್ತಕದಲ್ಲಿ ಬರೆದಿಟ್ಟರು: ತೀರ್ಮಾನ ಒಂದಕ್ಕಿಂತ ಹೆಚ್ಚು ಬಗೆ ಇರುವ ಆರ್ಡರುಗಳ ಮೇಲೆ, ಎರಡೂ ಕಡೆ ಸೇರಿ ಅಂಥ 40 ಆರ್ಡರುಗಳು ಬರುವ ತನಕ ಯಾರೂ ಗೆದ್ದವರಿಲ್ಲ. ಹೀಗೆ ಮೊದಲೇ ಬರೆದಿಡದಿದ್ದರೆ, ವರದಿಯನ್ನು ದಿನವೂ ತೆರೆದು ನೋಡಿ, ನಮಗೆ ಬೇಕಾದದ್ದು ಮುಂದಿರುವ ದಿನ ಪರೀಕ್ಷೆಯನ್ನು ನಿಲ್ಲಿಸಿಬಿಡುತ್ತೇವೆ.

ಇನ್ನು ಕಲೆಕ್ಷನ್. ಹಬ್ಬದ ಹೊತ್ತಿಗೆ ಆ ಮನೆಯವರ ಪಟ್ಟಿ ಬೆಳೆಯುತ್ತದೆ: ಅರ್ಧ ಕಿಲೊ, ಒಂದು ಕಿಲೊ, ಶುಂಠಿ ಏಲಕ್ಕಿ ಹಾಕಿದ್ದು, ಎಳ್ಳು ಬೆಲ್ಲದ ಪೊಟ್ಟಣ, ಹೀಗೆ ಹದಿನೈದು ದಾಟುತ್ತದೆ. ಇವುಗಳಿಗೆ ಹಿಂದು ಮುಂದಿನ ಕಥೆ ಇಲ್ಲ. ಇಷ್ಟವಾದದ್ದನ್ನು ಆರಿಸಿಕೊಳ್ಳುವ ಅಂಗಡಿ ಅದು. 2017ರಲ್ಲಿ ಬಂದ ಕಲೆಕ್ಷನ್ ರೂಪ ಇದಕ್ಕೆ ತಕ್ಕದ್ದು. ಮೇಲೆ ಒಂದು ದೊಡ್ಡ ಚಿತ್ರ ಅಥವಾ ವಿಡಿಯೊ, ಅದರ ಕೆಳಗೆ ಮೂರು ಚಿಕ್ಕ ಸರಕುಗಳ ಚಿತ್ರಗಳು. ಒತ್ತಿದರೆ ಫೋನಿನ ಪರದೆಯ ತುಂಬ ತೆರೆದುಕೊಳ್ಳುವ `Instant Experience` ಪುಟ ಬರುತ್ತದೆ. ಅಲ್ಲಿ ಕ್ಯಾಟಲಾಗಿನ, ಅಂದರೆ ನೀವು ಮೊದಲೇ ಸೇರಿಸಿಟ್ಟ ಸರಕುಪಟ್ಟಿಯ, ಸರಕುಗಳು ಸಾಲಾಗಿ ಇರುತ್ತವೆ. ಕ್ಯಾರೊಸೆಲ್ಲಿನ ಐದು ಕಾರ್ಡುಗಳು ಹೇಳಿದ ಕಥೆಯನ್ನು ಇಲ್ಲಿ ಮೇಲಿನ ವಿಡಿಯೊ ಒಂದೇ ಹೇಳಬೇಕು. ಸುರಿಯುವ ಪಾಕದ ಆ ದೃಶ್ಯವೇ ಇಲ್ಲಿಯೂ ಕೆಲಸಕ್ಕೆ ಬಂತು.

ಕೆಳಗಿನ ಮೂರು ಚಿತ್ರಗಳು ಯಾವುವು ಎಂಬುದನ್ನು ವ್ಯವಸ್ಥೆಗೇ ಬಿಡಬಹುದು, ನಾವೇ ಆರಿಸಲೂಬಹುದು. ಬಗೆಗಳನ್ನು ತೋರಿಸುವ ಉದ್ದೇಶವಿದ್ದರೆ ನಾವೇ ಆರಿಸಬೇಕು, ಇಲ್ಲದಿದ್ದರೆ ಅಚ್ಚು ಬೆಲ್ಲದ್ದೇ ಮೂರು ತೂಕಗಳು ಪಕ್ಕಪಕ್ಕದಲ್ಲಿ ಬಂದು ಕೂರಬಹುದು. ಕ್ಯಾಟಲಾಗಿನಲ್ಲಿ ಸರಕಿನ ಹೆಸರನ್ನು ಬರೆಯುವಾಗಲೂ ಗುರುತಿನ ಪದ ಮೊದಲು ಬರಲಿ. "ಮಂಡ್ಯದ ಶುದ್ಧ ಸಾಂಪ್ರದಾಯಿಕ ಜೋನಿ ಬೆಲ್ಲ" ಎಂದು ಬರೆದರೆ ಚಿಕ್ಕ ಜಾಗದಲ್ಲಿ "ಮಂಡ್ಯದ ಶುದ್ಧ" ಎಂಬಷ್ಟೇ ಮೂರೂ ಚಿತ್ರಗಳ ಕೆಳಗೆ ಉಳಿಯುತ್ತದೆ. "ಜೋನಿ ಬೆಲ್ಲ 500 ಗ್ರಾಂ" ಎಂದರೆ ಸಾಕು.

ಕ್ಯಾರೊಸೆಲ್ಲಿಗೂ ಕಲೆಕ್ಷನ್ನಿಗೂ ಹೋಲಿಕೆ ಮಾಡುವಾಗ ಒಂದು ಅಂಕಣ ನಮ್ಮನ್ನು ದಾರಿ ತಪ್ಪಿಸುತ್ತದೆ. ವರದಿಯ `Link clicks` ಎಂಬುದು ಕಲೆಕ್ಷನ್ನಿನಲ್ಲಿ ಆ ಒಳಪುಟವನ್ನು ತೆರೆದವರನ್ನೂ ಎಣಿಸುತ್ತದೆ. ಅವರು ಇನ್ನೂ ನಿಮ್ಮ ಅಂಗಡಿಗೆ ಬಂದಿಲ್ಲ. ಅಂಗಡಿಯ ಕಡೆ ಹೊರಟವರನ್ನು ತೋರಿಸುವುದು `Outbound clicks`. ಮೊದಲ ಅಂಕಣದಲ್ಲಿ ಕಲೆಕ್ಷನ್ 600, ಕ್ಯಾರೊಸೆಲ್ 270 ಎಂದು ಕಂಡದ್ದು ಎರಡನೆಯ ಅಂಕಣದಲ್ಲಿ 180 ಮತ್ತು 262 ಆಗಿ ತಿರುಗಿ ನಿಲ್ಲಬಹುದು. ಹಾಗೆಂದು ಕ್ಯಾರೊಸೆಲ್ಲೇ ಮೇಲು ಎಂದೂ ಅಲ್ಲ. ಒಳಪುಟದಲ್ಲಿ ಸರಕನ್ನೂ ಬೆಲೆಯನ್ನೂ ನೋಡಿಯೇ ಹೊರಟ ಆ 180 ಜನ ಕೊಳ್ಳುವ ಮನಸ್ಸಿಗೆ ಹತ್ತಿರವಿರುತ್ತಾರೆ. ಎರಡು ರೂಪಗಳ ನಡುವೆ ನಾನು ಒಪ್ಪುವ ಅಳತೆ ಒಂದೇ, ಖರ್ಚು ಮಾಡಿದ ಸಾವಿರ ರೂಪಾಯಿಗೆ ಎಷ್ಟು ಆರ್ಡರು ಬಂತು ಎಂಬುದು.

ದಾಸ್ತಾನು ಮುಗಿದಾಗಲೂ ಈ ಎರಡು ರೂಪಗಳು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಜೋನಿ ಖಾಲಿಯಾದ ದಿನ ಕ್ಯಾಟಲಾಗಿನಲ್ಲಿ ಅದರ `availability` ಅಂಕಣವನ್ನು `out of stock` ಎಂದು ಬದಲಿಸಿದರೆ ಕಲೆಕ್ಷನ್ನಿನಿಂದ ಜೋನಿ ಸದ್ದಿಲ್ಲದೆ ಜಾರಿ, ಅದರ ಜಾಗಕ್ಕೆ ಬೇರೆ ಸರಕು ಬರುತ್ತದೆ. ನೀವು ಆರಿಸಿದ ಮೂರರ ಜೋಡಣೆ ಕೆಟ್ಟಿರುವುದು ನಿಮಗೆ ಗೊತ್ತೂ ಆಗುವುದಿಲ್ಲ. ಕೈಯಿಂದ ಜೋಡಿಸಿದ ಕ್ಯಾರೊಸೆಲ್ಲಿಗೆ ದಾಸ್ತಾನಿನ ಅರಿವೇ ಇಲ್ಲ. ಅದು ಇಲ್ಲದ ಜೋನಿಯನ್ನು ತೋರಿಸುತ್ತಲೇ ಇರುತ್ತದೆ, ನೀವು ಆ ಕ್ಲಿಕ್ಕಿಗೆ ಹಣ ಕೊಡುತ್ತಲೇ ಇರುತ್ತೀರಿ. ಪಾಂಡವಪುರದ ಮನೆಯಲ್ಲಿ ಈಗ ಸೊಸೆಯೇ ಸಂಜೆ ಡಬ್ಬಗಳನ್ನು ಎಣಿಸಿ ಕ್ಯಾಟಲಾಗಿನ ಹಾಳೆಯನ್ನು ತಿದ್ದುತ್ತಾರೆ. ಜೋನಿ ಹತ್ತು ಡಬ್ಬಕ್ಕೆ ಇಳಿದ ದಿನ ಕ್ಯಾರೊಸೆಲ್ಲನ್ನು ನಿಲ್ಲಿಸಿ, ಅಜ್ಜ ಮತ್ತೆ ಎಳೆ ಹದದಲ್ಲಿ ಕೊಪ್ಪರಿಗೆ ಇಳಿಸುವ ತನಕ ಕಾಯುತ್ತಾರೆ.